ಉಪಹಾರವೋ ಉಪಾಹಾರವೋ: ನಿಘಂಟುಕಾರರು ತೂಗಿ ನೋಡುವುದು ಏನನ್ನು

ಪ್ರಶ್ನೆ: ರಾಜಾಜಿನಗರದಲ್ಲಿ ನನ್ನ ತಮ್ಮ ಒಂದು ದರ್ಶಿನಿ ತೆರೆಯುತ್ತಿದ್ದಾನೆ. ಬೋರ್ಡಿನಲ್ಲಿ ‘ಉಪಹಾರ’ ಅಂತ ಹಾಕಿಸಲು ಕೊಟ್ಟಿದ್ದೆವು. ಕನ್ನಡ ಮೇಷ್ಟ್ರಾಗಿದ್ದ ನಮ್ಮ ಮಾವ ಅದು ತಪ್ಪು, ‘ಉಪಾಹಾರ’ ಅನ್ನಬೇಕು ಅಂದರು. ಭಾಷಾವಿಜ್ಞಾನ ಓದುತ್ತಿರುವ ಮಗಳು, ಊರೆಲ್ಲ ಬಳಸುವುದೇ ಸರಿ, ತಪ್ಪು ಅನ್ನುವುದೇ ಇಲ್ಲ ಅನ್ನುತ್ತಾಳೆ. ನಿಘಂಟು ಮಾಡುವವರು ಇದನ್ನು ಹೇಗೆ ತೀರ್ಮಾನಿಸುತ್ತೀರಿ ಸರ್?

ಉತ್ತರ: ಬೋರ್ಡಿಗೆ ‘ಉಪಾಹಾರ’ ಎಂದೇ ಬರೆಸಿ. ನಾನು ಹಾಗೆ ಹೇಳುವುದಕ್ಕೆ ಕಾರಣ ಮಾತ್ರ ನಿಮ್ಮ ಮಾವನವರು ಕೊಟ್ಟಿರಬಹುದಾದ ಕಾರಣವಲ್ಲ. ನಿಮ್ಮ ಮಗಳು ಹಿಡಿದಿರುವ ತತ್ವ ಒಳ್ಳೆಯದೇ, ಆದರೆ ಅದನ್ನು ಅವಳು ಅನ್ವಯಿಸಿರುವ ಜಾಗ ಸರಿಯಿಲ್ಲ. ಇಬ್ಬರ ಮಾತನ್ನೂ ಬಿಡಿಸಿ ನೋಡಿದರೆ ನಿಘಂಟಿನ ಕೆಲಸ ಹೇಗೆ ನಡೆಯುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಮಗಳ ಮಾತನ್ನು ತೆಗೆದುಕೊಳ್ಳುತ್ತೇನೆ. ಹೀಗೆ ಬರೆಯಬೇಕು, ಹೀಗೆ ಬರೆಯಕೂಡದು ಎಂದು ಕಟ್ಟಳೆ ಹಾಕುವುದನ್ನು ವಿಧಾಯಕ ವ್ಯಾಕರಣ ಎನ್ನುತ್ತೇವೆ. ಜನ ಹೇಗೆ ಆಡುತ್ತಾರೆ ಎಂಬುದನ್ನು ಗಮನಿಸಿ, ಆ ಆಡುವಿಕೆಯ ಒಳಗೆ ಇರುವ ನಿಯಮವನ್ನು ಹುಡುಕಿ ಹೇಳುವುದು ವರ್ಣನಾತ್ಮಕ ವ್ಯಾಕರಣ. ಎರಡನೆಯದೆಂದರೆ ‘ಏನು ಹೇಳಿದರೂ ನಡೆಯುತ್ತದೆ’ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ‘ಮಕ್ಕಳು’ ಎಂಬ ಪದವನ್ನೇ ನೋಡಿ. ಶಾಲೆಯ ವ್ಯಾಕರಣದಂತೆ ‘ಮಕ್ಕಳು ಆಡುತ್ತಿದ್ದಾರೆ’ ಎನ್ನಬೇಕು. ಆದರೆ ಬೆಂಗಳೂರಿನ ಮನೆಗಳಲ್ಲಿ ಕಿವಿಗೊಟ್ಟು ಕೇಳಿದರೆ ‘ಮಕ್ಕಳು ಆಡ್ತಾ ಇದಾವೆ’, ‘ಮಕ್ಕಳು ಮಲಗಿದಾವೆ’ ಎಂಬ ಮಾತು ಓದಿದವರ ಬಾಯಲ್ಲೂ ಸಹಜವಾಗಿ ಬರುತ್ತದೆ. ವಿಧಾಯಕ ವ್ಯಾಕರಣ ಇದನ್ನು ತಪ್ಪು ಎಂದು ಬದಿಗಿಟ್ಟು ಮುಂದೆ ಹೋಗುತ್ತದೆ. ವರ್ಣನಾತ್ಮಕ ವ್ಯಾಕರಣ ಅಲ್ಲಿಯೇ ನಿಂತು, ಇದೇ ಜನ ‘ನಮ್ಮ ಇಬ್ಬರು ಮಕ್ಕಳೂ ಎಂಜಿನಿಯರ್ ಆಗಿದಾವೆ’ ಎಂದು ಹೇಳುತ್ತಾರೆಯೇ ಎಂದು ಕೇಳುತ್ತದೆ. ಹೇಳುವುದಿಲ್ಲ, ಅಲ್ಲಿ ‘ಆಗಿದಾರೆ’ ಎಂದೇ ಬರುತ್ತದೆ. ಅಂದರೆ ಎಳೆಯ ಮಕ್ಕಳ ಗುಂಪಿಗೆ ನಪುಂಸಕಲಿಂಗದ ಕ್ರಿಯಾರೂಪವನ್ನೂ, ಬೆಳೆದು ನಿಂತ ಮಕ್ಕಳಿಗೆ ಮನುಷ್ಯರಿಗೆ ಸಲ್ಲುವ ರೂಪವನ್ನೂ ಬಳಸುವ ಒಂದು ಖಚಿತವಾದ ನಿಯಮ ಆಡುವವರ ಮನಸ್ಸಿನಲ್ಲಿದೆ. ಯಾರೂ ಕಲಿಸದೆ ಬಂದ ನಿಯಮ ಅದು. ‘ಮಗು ಅಳುತ್ತಿದೆ’ ಎಂಬುದನ್ನು ಶಾಲೆಯ ವ್ಯಾಕರಣವೂ ಒಪ್ಪಿಕೊಂಡಿರುವಾಗ, ಅದೇ ಎಳೆಯನ್ನು ಬಹುವಚನಕ್ಕೆ ಎಳೆದವರನ್ನು ತಪ್ಪುಗಾರರೆನ್ನಲು ನನಗಂತೂ ಮನಸ್ಸಾಗುವುದಿಲ್ಲ. ಇಲ್ಲಿ ನಿಮ್ಮ ಮಗಳ ಮಾತು ಪೂರ್ತಿ ಸಲ್ಲುತ್ತದೆ: ತಾಯಿಯ ಮಡಿಲಲ್ಲಿ ಕಲಿತ ಭಾಷೆಯ ರಚನೆಯ ವಿಷಯದಲ್ಲಿ ಆಡುವವರೇ ಪ್ರಮಾಣ.

ಆದರೆ ‘ಉಪಾಹಾರ’ ಆ ಜಾತಿಯ ಮಾತಲ್ಲ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಯಾರಾದರೂ ‘ಉಪಾಹಾರ ಆಯ್ತಾ?’ ಎಂದು ಕೇಳಿದ್ದುಂಟೇ? ನಾವು ಕೇಳುವುದು ‘ತಿಂಡಿ ಆಯ್ತಾ?’ ಎಂದು, ಧಾರವಾಡ, ಕಲಬುರಗಿಯ ಕಡೆಯ ನೆಂಟರಾದರೆ ‘ನಾಷ್ಟಾ ಆತೇನು?’ ಎಂದಾರು. ಉಪಾಹಾರ ಎನ್ನುವುದು ಬೋರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಬದುಕಿರುವ ಪದ. ಅದನ್ನು ನಾವು ಕೇಳಿ ಕಲಿತದ್ದಕ್ಕಿಂತ ಓದಿ ಕಲಿತದ್ದೇ ಹೆಚ್ಚು. ಕಾಗುಣಿತವೆಂಬುದು ಹುಟ್ಟಿನಿಂದ ಬರುವ ಸಂಗತಿಯಲ್ಲ, ಅದು ಕಲಿಸಿದ್ದರಿಂದ ಬರುವ ಒಡಂಬಡಿಕೆ. ಆದ್ದರಿಂದ ‘ಆಡುವವರೇ ಪ್ರಮಾಣ’ ಎಂಬ ಮಾತು ಇಲ್ಲಿಗೆ ಬರುವಾಗ ‘ಬರೆಯುವವರೇ ಪ್ರಮಾಣ’ ಎಂದಾಗಬೇಕು. ಹಾಗಾದ ಕೂಡಲೇ ಯಾವ ಬರೆಯುವವರು, ಎಷ್ಟು ಎಚ್ಚರದಿಂದ ಬರೆದದ್ದು ಎಂಬ ಪ್ರಶ್ನೆಗಳು ಹಿಂದೆಯೇ ಬರುತ್ತವೆ. ನಿಘಂಟುಕಾರರ ದಿನವೆಲ್ಲ ಈ ಪ್ರಶ್ನೆಗಳಲ್ಲೇ ಕಳೆಯುತ್ತದೆ.

ಈ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ನಮ್ಮ ವ್ಯಾಕರಣ ಪರಂಪರೆಯಲ್ಲಿ ಲಕ್ಷ್ಯ ಮತ್ತು ಲಕ್ಷಣ ಎಂಬ ಎರಡು ಮಾತುಗಳಿವೆ. ಲಕ್ಷ್ಯವೆಂದರೆ ಕಣ್ಣೆದುರಿನ ಪ್ರಯೋಗ, ಲಕ್ಷಣವೆಂದರೆ ಅದರಿಂದ ಹೊರಡುವ ಸೂತ್ರ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನನ್ನು ನಾವು ಕಟ್ಟುನಿಟ್ಟಿನ ವಿಧಾಯಕನೆಂದೇ ನೆನೆಯುತ್ತೇವೆ. ಅವನೂ ಗ್ರಂಥದ ಆರಂಭದಲ್ಲಿಯೇ ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಕವಿಗಳ ಹೆಸರು ಹೇಳಿ, ಇವರು ನಡೆದ ದಾರಿಯೇ ತನಗೆ ಲಕ್ಷ್ಯ ಎನ್ನುತ್ತಾನೆ. ಸೂತ್ರ ಅವನ ಸ್ವಂತ ಅಭಿರುಚಿಯಿಂದ ಹುಟ್ಟಿದ್ದಲ್ಲ. ಹಿಂದಿನ ಕವಿಗಳ ಪ್ರಯೋಗಗಳನ್ನು ಆಯ್ದು, ಜೋಡಿಸಿ, ಅದರಿಂದ ತೆಗೆದದ್ದು. ಅವನ ಮಿತಿಯೂ ಅಲ್ಲಿಯೇ ಇದೆ. ಅವನು ಲಕ್ಷ್ಯವನ್ನು ಹಿಂದಿನ ಕವಿಗಳಿಂದ ಆರಿಸಿಕೊಂಡನು, ತನ್ನ ಬೀದಿಯಿಂದ ಅಲ್ಲ.

ಅದರ ಫಲವನ್ನು ‘ೞ’ ಎಂಬ ಅಕ್ಷರದಲ್ಲಿ ನೋಡಬಹುದು. ಹಳಗನ್ನಡದಲ್ಲಿ ‘ಏೞ್’, ‘ಕೋೞಿ’, ‘ಬಾೞ್’ ಎಂದು ಬರೆಯುತ್ತಿದ್ದ ಪದಗಳ ಆ ಧ್ವನಿ ಕೇಶಿರಾಜನ ಕಾಲದ ಹೊತ್ತಿಗೆ ಬಾಯಿಂದ ಜಾರಿ ‘ಳ’ದೊಂದಿಗೆ ಬೆರೆತುಹೋಗುತ್ತಿತ್ತು. ಎಲ್ಲಿ ೞ, ಎಲ್ಲಿ ಳ ಎಂಬುದು ಬರೆಯುವವರಿಗೆ ತಿಳಿಯದಾಗಿತ್ತು. ಅದಕ್ಕಾಗಿಯೇ ಅವನು ೞ ಇರುವ ಪದಗಳ ಉದ್ದನೆಯ ಪಟ್ಟಿಯನ್ನು ಕೊಟ್ಟನು. ಹಳೆಯ ಗ್ರಂಥಗಳ ಸಾಕ್ಷ್ಯವಾಗಿ ಆ ಪಟ್ಟಿ ಇಂದಿಗೂ ನಮಗೆ ಬಂಗಾರದಂಥದು. ಆದರೆ ಅದು ಅಕ್ಷರವನ್ನು ಉಳಿಸಲಿಲ್ಲ. ಮುಂದೆ ೞ ಬರವಣಿಗೆಯಿಂದಲೂ ಮರೆಯಾಯಿತು, ನಾವೆಲ್ಲ ‘ಏಳು’, ‘ಕೋಳಿ’, ‘ಬಾಳು’ ಎಂದು ಬರೆಯುತ್ತೇವೆ. ನನ್ನ ವೃತ್ತಿಯಲ್ಲಿ ಈ ಪಟ್ಟಿಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಯಾವುದಾದರೂ ವ್ಯತ್ಯಾಸವನ್ನು ಕಾಪಾಡಲು ಪಟ್ಟಿ ಬೇಕಾಗುತ್ತಿದೆ ಎಂದರೆ, ಆ ವ್ಯತ್ಯಾಸ ಬಾಯಿಯಲ್ಲಿ ಆಗಲೇ ಸತ್ತಿರುವ ಸಂಭವ ಹೆಚ್ಚು. ವೈಯಾಕರಣನ ಎಚ್ಚರಿಕೆಯೇ ಆ ಸಾವಿಗೆ ಸಿಗುವ ಒಳ್ಳೆಯ ಸಾಕ್ಷಿ.

ಈಗ ನಿಮ್ಮ ಪದಕ್ಕೆ ಬರೋಣ. ನಿಘಂಟಿನ ಕೆಲಸದ ಬುಡದಲ್ಲಿರುವುದು ಚೀಟಿ. ಈಗ ಅದು ಕಂಪ್ಯೂಟರಿನಲ್ಲಿ ಒಂದು ಸಾಲಾಗಿರಬಹುದು, ಆದರೆ ಅದರೊಳಗಿನ ವಿಷಯ ಬದಲಾಗಿಲ್ಲ: ಪದ ಬರೆದಿರುವಂತೆಯೇ, ಅದು ಬಂದಿರುವ ಪೂರ್ತಿ ವಾಕ್ಯ, ಎಲ್ಲಿ ಸಿಕ್ಕಿತು, ಯಾವ ಕಾಲದ್ದು, ಯಾವ ಬಗೆಯ ಬರಹ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇಂಥ ಪ್ರಯೋಗಗಳ ಮೇಲೆಯೇ ನಿಂತಿದೆ. ಶಾಸನದಿಂದ, ಕಾವ್ಯದಿಂದ ತೆಗೆದ ವಾಕ್ಯವನ್ನು ಮುಂದಿಟ್ಟು ಅರ್ಥ ಹೇಳುವುದು ಅದರ ಕ್ರಮ. ವಾಕ್ಯವಿಲ್ಲದ ಪದ ನಮಗೆ ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಅರ್ಥವಿರುವುದು ವಾಕ್ಯದಲ್ಲಿ.

ಈ ಎರಡು ರೂಪಗಳ ಚೀಟಿಗಳನ್ನು ಮಾಡಲು ನಾನು ಒಂದು ಬೆಳಿಗ್ಗೆ ಗಾಂಧಿ ಬಜಾರಿನಿಂದ ಚಾಮರಾಜಪೇಟೆಯವರೆಗೆ ನೋಟ್‌ಬುಕ್ ಹಿಡಿದು ನಡೆದಿದ್ದೆ. ಒಂದು ಹೋಟೆಲಿನ ಹಳೆಯ ಬೋರ್ಡಿನಲ್ಲಿ, ಕುಂಚದಿಂದ ಬರೆದ ಅಕ್ಷರಗಳಲ್ಲಿ, ‘ಉಪಾಹಾರ’ ಎಂದಿತ್ತು. ಅದೇ ಹೋಟೆಲಿನ ಗಲ್ಲಾದಲ್ಲಿ ಕೊಟ್ಟ ಬಿಲ್ಲಿನ ನೆತ್ತಿಯಲ್ಲಿ ‘ಉಪಹಾರ’ ಎಂದಿತ್ತು. ಗಲ್ಲಾದಲ್ಲಿ ಕುಳಿತಿದ್ದ ಹಿರಿಯರಿಗೆ ಎರಡನ್ನೂ ತೋರಿಸಿದೆ. ಅವರು ಬಿಲ್ಲನ್ನು ದೂರ ಹಿಡಿದು ಓದಿ, ‘ದೀರ್ಘ ಬಿಟ್ಟುಹೋಗಿದೆ ನೋಡಿ, ಪ್ರೆಸ್ಸಿನವರಿಗೆ ಹೇಳಬೇಕು’ ಎಂದರು. ಇನ್ನೊಂದು ಅಂಗಡಿಯ ಯುವಕನಿಗೆ ಅವರ ಫ್ಲೆಕ್ಸ್ ಬೋರ್ಡಿನ ‘ಉಪಹಾರ’ವನ್ನು ತೋರಿಸಿ ಇದೇ ಪ್ರಶ್ನೆ ಕೇಳಿದಾಗ, ‘ಸರಿಯಾಗೇ ಇದೆಯಲ್ಲ ಸರ್, ಏನಾಯ್ತು?’ ಎಂದನು. ನೋಡಲು ಒಂದೇ ಕಾಗುಣಿತ, ಆದರೆ ನಮ್ಮ ಕೆಲಸದಲ್ಲಿ ಇವು ಎರಡು ಬೇರೆ ಸಂಗತಿಗಳು. ಬರೆದವರಿಗೆ ತೋರಿಸಿದಾಗ ಅವರೇ ತಿದ್ದಿಕೊಂಡರೆ ಅದು ಕೈತಪ್ಪು; ನಿಘಂಟಿಗೆ ಅದರ ಗೊಡವೆ ಬೇಕಿಲ್ಲ. ತೋರಿಸಿದ ಮೇಲೂ ಅದನ್ನು ತಮ್ಮದೆಂದು ಸಮರ್ಥಿಸಿಕೊಂಡರೆ ಅದು ರೂಪಾಂತರ. ಅದಕ್ಕೊಂದು ಲೆಕ್ಕ ಇಡಲೇಬೇಕು. ಅಚ್ಚಿನಲ್ಲಿ ಬರೆದವರು ಎದುರಿಗೆ ಸಿಗುವುದಿಲ್ಲವಾದ್ದರಿಂದ, ಒಬ್ಬರೇ ಲೇಖಕರು ಒಂದೇ ಪುಸ್ತಕದಲ್ಲಿ ಯಾವ ರೂಪವನ್ನು ಒಂದೇ ಸಮನೆ ಬಳಸಿದ್ದಾರೆ ಎಂದು ನೋಡುತ್ತೇವೆ. ಅಲ್ಲೊಮ್ಮೆ ಹೀಗೆ, ಇಲ್ಲೊಮ್ಮೆ ಹಾಗೆ ಇದ್ದರೆ ಆ ಸಾಕ್ಷ್ಯದ ತೂಕ ಕಡಿಮೆ.

ಇನ್ನೊಂದು ಎಚ್ಚರ ಬೇಕು. ‘ಊರೆಲ್ಲ ಹೀಗೇ ಇದೆ’ ಎನ್ನುವಾಗ ನಾವು ಎಣಿಸುವುದು ಬೋರ್ಡುಗಳನ್ನು. ಒಂದೇ ಮುದ್ರಣಾಲಯದವರು ತಮ್ಮ ಕಂಪ್ಯೂಟರಿನಲ್ಲಿರುವ ಹಳೆಯ ಮಾದರಿಯಲ್ಲಿ ಹೋಟೆಲಿನ ಹೆಸರನ್ನಷ್ಟೇ ಬದಲಿಸಿ ಹತ್ತು ಬೋರ್ಡು ಮಾಡಿಕೊಟ್ಟಿದ್ದರೆ, ಬೀದಿಯಲ್ಲಿ ಹತ್ತು ಬೋರ್ಡುಗಳಿರುತ್ತವೆ, ಸಾಕ್ಷಿ ಮಾತ್ರ ಒಂದೇ. ಓಲೆಗರಿಗಳನ್ನು ಸಂಪಾದಿಸುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು: ಒಂದೇ ಮೂಲದಿಂದ ನಕಲಾದ ಐದು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಅದು ಐದು ಸಲ ಆದ ತಪ್ಪಲ್ಲ. ಈಗ ಗೂಗಲ್‌ನಲ್ಲಿ ಹುಡುಕಿ, ಯಾವ ರೂಪಕ್ಕೆ ಹೆಚ್ಚು ಫಲಿತಾಂಶ ಬಂತೋ ಅದೇ ಸರಿ ಎನ್ನುವವರಿದ್ದಾರೆ. ಅಲ್ಲಿಯೂ ಇದೇ ತೊಂದರೆ. ಒಂದೇ ಸುದ್ದಿಯನ್ನು ಹಲವು ತಾಣಗಳು ಹಾಗೆಯೇ ಎತ್ತಿ ಹಾಕಿರುತ್ತವೆ.

ಇಷ್ಟೆಲ್ಲ ಕಳೆದ ಮೇಲೂ ‘ಉಪಹಾರ’ಕ್ಕೆ ಸ್ವತಂತ್ರ ಸಾಕ್ಷಿಗಳು ಸಾಕಷ್ಟು ಉಳಿಯುತ್ತವೆ. ಅದು ಯಾರೋ ಒಬ್ಬರ ಅಜ್ಞಾನದ ಫಲವಲ್ಲ. ನಮ್ಮ ಕಿವಿಗೆ ಉಪಕಾರ, ಉಪವಾಸ, ಉಪದೇಶ, ಉಪಯೋಗ ಎಂಬ ಅಚ್ಚು ಗಟ್ಟಿಯಾಗಿ ಕೂತಿದೆ. ಇತ್ತ ಪರಿಹಾರ, ವಿಹಾರ, ಸಂಹಾರ ಎಂಬ ಇನ್ನೊಂದು ಅಚ್ಚಿದೆ. ಎರಡೂ ಸೇರಿ ಪದವನ್ನು ‘ಉಪ-ಹಾರ’ ಎಂದು ಒಡೆದುಕೊಳ್ಳುವಂತೆ ಒತ್ತುತ್ತವೆ. ಜೊತೆಗೆ ಮಾತಿನಲ್ಲಿ ಹಕಾರ ಮೃದುವಾಗಿ, ಅದರ ಎರಡೂ ಬದಿಯ ದೀರ್ಘಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಮೊದಲನೆಯ ದೀರ್ಘ ಸರಿಯಾಗಿ ಕೇಳಿಸುವುದಿಲ್ಲ. ‘ಮಾಂಸಹಾರಿ’ ಎಂದು ಬರೆದ ಬೋರ್ಡುಗಳಲ್ಲಿಯೂ ಇದೇ ಒತ್ತಡ ಕೆಲಸ ಮಾಡಿರುವುದು ಕಾಣುತ್ತದೆ. ಒಂದು ತಪ್ಪು ಹೀಗೆ ಬೇರೆ ಬೇರೆ ಪದಗಳಲ್ಲಿ, ಪರಸ್ಪರ ನೋಡದ ಕೈಗಳಲ್ಲಿ, ಒಂದೇ ಜಾಗದಲ್ಲಿ ಮರುಕಳಿಸಿದರೆ ಅದರ ಹಿಂದೆ ಭಾಷೆಯೊಳಗಿನದೇ ಒಂದು ಕಾರಣವಿದೆ ಎಂದು ತಿಳಿಯಬೇಕು.

ನಿಮ್ಮ ಮಾವನವರು ಬಹುಶಃ ಹೇಳಿರುವುದು ಇದು: ‘ಉಪ’ ಮತ್ತು ‘ಆಹಾರ’ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ‘ಉಪಾಹಾರ’ವೇ ಆಗಬೇಕು, ‘ಉಪಹಾರ’ವೆಂದರೆ ಕಾಣಿಕೆ, ದೇವರಿಗೆ ಅರ್ಪಿಸುವ ವಸ್ತು, ಆದ್ದರಿಂದ ಬೋರ್ಡಿನ ಅರ್ಥವೇ ಬೇರೆಯಾಗುತ್ತದೆ. ಸಂಧಿಯ ಮಾತು ಖಂಡಿತ ನಿಜ. ಅರ್ಥದ ಮಾತು ಸಂಸ್ಕೃತಕ್ಕೆ ನಿಜ, ಹಿಂದಿಗೂ ನಿಜ. ಕನ್ನಡದಲ್ಲಿ ನಾವು ಹುಟ್ಟುಹಬ್ಬಕ್ಕೆ ಕೊಡುವುದು ಉಡುಗೊರೆ, ದೇವಸ್ಥಾನದ ಹುಂಡಿಗೆ ಹಾಕುವುದು ಕಾಣಿಕೆ. ‘ಉಪಹಾರ’ ಎಂಬ ಬೋರ್ಡು ನೋಡಿ ಒಳಗೆ ಉಡುಗೊರೆ ಮಾರುತ್ತಾರೆಂದು ತಿಳಿದು ಹೋದವರು ಬೆಂಗಳೂರಿನಲ್ಲಿ ಯಾರೂ ಇರಲಾರರು. ಮೂಲದ ಅರ್ಥವನ್ನೇ ಹಿಡಿದು ಸರಿ ತಪ್ಪು ಹೇಳಹೊರಟರೆ ಕನ್ನಡದ ಅರ್ಧ ಪದಕೋಶವನ್ನು ತಿದ್ದಬೇಕಾಗುತ್ತದೆ. ಸಂಸ್ಕೃತದಲ್ಲಿ ‘ಅವಸರ’ವೆಂದರೆ ಸಂದರ್ಭ, ಅವಕಾಶ, ನಮಗೆ ಅದು ಆತುರ. ಅಲ್ಲಿ ‘ಅನುಮಾನ’ವೆಂದರೆ ತರ್ಕದಿಂದ ಊಹಿಸಿ ತಿಳಿಯುವುದು, ನಮಗೆ ಅದು ಸಂಶಯ. ‘ಅವಸರ ಮಾಡಬೇಡಿ’ ಎನ್ನುವ ಮಾತನ್ನು ಯಾವ ಮೇಷ್ಟ್ರೂ ತಿದ್ದಿದ್ದು ನನಗೆ ಗೊತ್ತಿಲ್ಲ. ಪದ ಎಲ್ಲಿಂದ ಬಂತು ಎನ್ನುವುದು ಅದರ ಚರಿತ್ರೆ, ಇವತ್ತಿನ ಅರ್ಥಕ್ಕೆ ಆ ಚರಿತ್ರೆ ಪ್ರಮಾಣವಲ್ಲ. ನಿಘಂಟಿನಲ್ಲಿ ವ್ಯುತ್ಪತ್ತಿಯನ್ನು ಆವರಣದೊಳಗೆ ಇಡುವುದೂ ಅದು ಬೇರೆ ಸಂಗತಿ ಎಂದು ತೋರಿಸಲಿಕ್ಕೇ.

ಹಾಗಿದ್ದರೂ ನಾನು ‘ಉಪಾಹಾರ’ವನ್ನೇ ಮುಖ್ಯ ರೂಪವಾಗಿ ಇಡುತ್ತೇನೆ. ಏಕೆಂದರೆ ಇನ್ನೊಂದು ಸಾಕ್ಷ್ಯವಿದೆ, ಮತ್ತು ಅದು ಎಣಿಕೆಗಿಂತ ಬಲವಾದದ್ದು. ಅದು ತಿದ್ದುಪಡಿಯ ದಿಕ್ಕು. ಅಚ್ಚಿಗೆ ಹೋಗುವ ಬರಹ ಕರಡು ತಿದ್ದುವವರ ಕೈಗೆ ಬಂದಾಗ ಏನಾಗುತ್ತದೆ ಎಂದು ನೋಡಬೇಕು. ನಾನು ಕಂಡ ಕರಡುಗಳಲ್ಲೆಲ್ಲ ‘ಉಪಹಾರ’ವನ್ನು ಹೊಡೆದು ‘ಉಪಾಹಾರ’ ಮಾಡಿದ್ದುಂಟು. ‘ಉಪಾಹಾರ’ವನ್ನು ಹೊಡೆದು ‘ಉಪಹಾರ’ ಮಾಡಿದ ಒಂದೂ ಕರಡನ್ನು ನಾನು ನೋಡಿಲ್ಲ. ‘ಉಪಹಾರ’ ಬರೆಯುವವರಿಗೂ ‘ಉಪಾಹಾರ’ ಕಂಡರೆ ಅದು ತಪ್ಪೆನಿಸುವುದಿಲ್ಲ, ಸುಮ್ಮನೆ ಓದಿಕೊಂಡು ಹೋಗುತ್ತಾರೆ. ‘ಉಪಾಹಾರ’ ಬರೆಯುವವರಿಗೆ ‘ಉಪಹಾರ’ ಕಂಡರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಒಂದು ರೂಪಕ್ಕೆ ಆಕ್ಷೇಪಿಸುವವರಿದ್ದಾರೆ, ಇನ್ನೊಂದಕ್ಕೆ ಯಾರೂ ಇಲ್ಲ. ನಿಘಂಟುಕಾರರು ‘ಶಿಷ್ಟ’ ಎಂದು ಕರೆಯುವುದು ಹೀಗೆ ಎರಡೂ ಕಡೆಯವರ ಒಪ್ಪಿಗೆಯಿರುವ ರೂಪವನ್ನೇ, ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ.

ಇಲ್ಲಿ ನಿಮ್ಮ ಮಾವನವರ ಸ್ಥಾನ ಸ್ಪಷ್ಟವಾಗುತ್ತದೆ. ಅವರು ಈ ಪದದ ನ್ಯಾಯಾಧೀಶರಲ್ಲ, ಸಾಕ್ಷಿ. ಬೆಂಗಳೂರಿನಲ್ಲಿ ‘ಉಪಹಾರ’ ಎಂಬ ರೂಪ ವ್ಯಾಪಕವಾಗಿದೆ ಎಂಬುದು ಎಷ್ಟು ಸತ್ಯವೋ, ಕನ್ನಡ ಓದಿ ಕಲಿಸಿದ ಒಂದು ದೊಡ್ಡ ವರ್ಗ ಅದನ್ನು ತಪ್ಪೆಂದು ತಿದ್ದುತ್ತದೆ ಎಂಬುದೂ ಅಷ್ಟೇ ಸತ್ಯ. ವರ್ಣಿಸಲು ಹೊರಟವರು ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟರೆ ವರ್ಣನೆ ಅರ್ಧವಾಗುತ್ತದೆ. ಈ ಪಾಠವನ್ನು ಇಂಗ್ಲಿಷ್ ನಿಘಂಟುಕಾರರು ದೊಡ್ಡ ಗದ್ದಲದ ನಡುವೆ ಕಲಿತರು. 1961ರಲ್ಲಿ ಫಿಲಿಪ್ ಗೋವ್ ಅವರ ಸಂಪಾದಕತ್ವದಲ್ಲಿ ವೆಬ್‌ಸ್ಟರ್ ನಿಘಂಟಿನ ಮೂರನೆಯ ದೊಡ್ಡ ಆವೃತ್ತಿ ಬಂದಾಗ, ಅದು ‘ಆಡುಮಾತು’ ಎಂಬ ಗುರುತನ್ನು ಕೈಬಿಟ್ಟಿತು. ‘ಆಮ್ ನಾಟ್’, ‘ಈಸ್ ನಾಟ್’ ಎನ್ನುವಲ್ಲಿ ಆಡುವ, ಶಾಲೆಗಳಲ್ಲಿ ಹೊಡೆದುಹಾಕುತ್ತಿದ್ದ ‘ಏಂಟ್’ ಎಂಬ ಪದವನ್ನು ಸುಸಂಸ್ಕೃತರೂ ಮಾತಿನಲ್ಲಿ ಬಳಸುತ್ತಾರೆ ಎಂದು ಟಿಪ್ಪಣಿ ಹಾಕಿತು. ನಿಘಂಟು ತನ್ನ ಕರ್ತವ್ಯವನ್ನೇ ಬಿಟ್ಟಿತೆಂದು ಪತ್ರಿಕೆಗಳು ಹರಿಹಾಯ್ದವು. ಆದರೆ ಅದೇ ಟಿಪ್ಪಣಿಯಲ್ಲಿ, ಹಲವರು ಈ ಪದವನ್ನು ಒಪ್ಪುವುದಿಲ್ಲ ಎಂಬ ಮಾತೂ ಇತ್ತು. ಗದ್ದಲದಲ್ಲಿ ಅದನ್ನು ಓದಿದವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆ ಟಿಪ್ಪಣಿಯ ಮಾದರಿಯೇ ಸರಿ, ಗುರುತುಗಳನ್ನು ಕಡಿಮೆ ಮಾಡಿದ್ದು ಸರಿಯಲ್ಲ. ನಿಘಂಟನ್ನು ತೆರೆಯುವವರು ಪದ ಇದೆಯೇ ಎಂದಷ್ಟೇ ಕೇಳುವುದಿಲ್ಲ, ಇದನ್ನು ಅರ್ಜಿಯಲ್ಲಿ ಬರೆದರೆ ಓದುವವರು ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂದೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡದ ನಿಘಂಟು ಓದುಗರಿಗೆ ನೆರವಾಗುವುದಿಲ್ಲ.

ಹೀಗೆ ತೂಗಿದ ಮೇಲೆ ನಾನು ಬರೆಯುವ ನಮೂದು ಈ ರೀತಿ ಇರುತ್ತದೆ:

ಉಪಾಹಾರ (ನಾಮಪದ) ತಿಂಡಿ; ಹಗುರವಾದ ಊಟ. [ಉಪ + ಆಹಾರ] ಮುಖ್ಯವಾಗಿ ಬರವಣಿಗೆಯಲ್ಲಿ. ಮಾತಿನಲ್ಲಿ ತಿಂಡಿ, ನಾಷ್ಟಾ. ಬೋರ್ಡು, ಕರೆಯೋಲೆ ಮೊದಲಾದ ಕಡೆ ‘ಉಪಹಾರ’ ಎಂಬ ರೂಪವೂ ವ್ಯಾಪಕ. ತಿದ್ದಿ ಅಚ್ಚು ಮಾಡುವ ಬರಹದಲ್ಲಿ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಉಪಹಾರ (ನಾಮಪದ) 1. ಕಾಣಿಕೆ; ದೇವರಿಗೆ ಅರ್ಪಿಸುವ ವಸ್ತು. ಗ್ರಾಂಥಿಕ. 2. ‘ಉಪಾಹಾರ’ ನೋಡಿ.

ಎರಡನೆಯ ನಮೂದಿನ ಎರಡನೆಯ ಅರ್ಥವನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ಕೆಲವು ಹಿರಿಯ ಸಹೋದ್ಯೋಗಿಗಳು ಕೇಳುವುದುಂಟು. ತಪ್ಪಿಗೆ ನಿಘಂಟಿನಲ್ಲಿ ಜಾಗ ಕೊಟ್ಟರೆ ಅದಕ್ಕೆ ಮಾನ್ಯತೆ ಕೊಟ್ಟಂತೆ ಎಂಬುದು ಅವರ ಆತಂಕ. ಆದರೆ ಬೋರ್ಡಿನಲ್ಲಿ ‘ಉಪಹಾರ’ವನ್ನು ಕಂಡು ನಿಘಂಟಿನಲ್ಲಿ ಹುಡುಕುವ ಹುಡುಗಿಗೆ ಅಲ್ಲಿ ‘ಕಾಣಿಕೆ’ ಎಂಬ ಅರ್ಥ ಮಾತ್ರ ಸಿಕ್ಕರೆ ಅವಳಿಗೆ ದಾರಿಯೇ ಸಿಗುವುದಿಲ್ಲ. ‘ನೋಡಿ’ ಎಂಬ ಒಂದು ಮಾತು ಅವಳನ್ನು ಸರಿಯಾದ ಪುಟಕ್ಕೆ ಕರೆದೊಯ್ಯುತ್ತದೆ, ಅಲ್ಲಿ ಎರಡು ರೂಪಗಳ ಸ್ಥಿತಿಗತಿಯನ್ನು ಅವಳೇ ಓದಿಕೊಳ್ಳುತ್ತಾಳೆ.

ಈ ನಮೂದು ಶಾಶ್ವತವಲ್ಲ. ಯಾವಾಗ ಬದಲಾಗುತ್ತದೆ ಎಂಬುದನ್ನೂ ಹೇಳಬಹುದು. ಕರಡು ತಿದ್ದುವವರು ‘ಉಪಹಾರ’ವನ್ನು ಮುಟ್ಟದೆ ಬಿಡತೊಡಗಿದಾಗ, ಪಠ್ಯಪುಸ್ತಕಗಳಲ್ಲಿ ಅದು ಒಂದೇ ಸಮನೆ ಬರತೊಡಗಿದಾಗ, ಆಕ್ಷೇಪದ ಚೀಟಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದಾಗ, ಎರಡನ್ನೂ ಸಮಾನ ರೂಪಗಳೆಂದು ಕೊಡಬೇಕಾಗುತ್ತದೆ. ಹಾಗೆ ದಡ ಸೇರಿದ ಪದಗಳು ನಮ್ಮ ಕಣ್ಣೆದುರಿಗೇ ಇವೆ. ಲೋಕೋಪಯೋಗಿ ಇಲಾಖೆಯ ಕಚೇರಿಗಳ ಮುಂದೆ ‘ಕಾರ್ಯಪಾಲಕ ಅಭಿಯಂತರರು’ ಎಂಬ ಫಲಕವನ್ನು ನೀವು ನೋಡಿರುತ್ತೀರಿ. ಸಂಸ್ಕೃತದ ಕ್ರಮವನ್ನೇ ಹಿಡಿದರೆ ನೇತೃವಿನಿಂದ ನೇತಾರ ಆದಂತೆ ‘ಅಭಿಯಂತಾರ’ ಎಂಬ ರೂಪವನ್ನು ನಿರೀಕ್ಷಿಸಬೇಕು. ಆದರೆ ಆದೇಶ, ಟೆಂಡರ್ ಪ್ರಕಟಣೆ, ಫಲಕಗಳಲ್ಲೆಲ್ಲ ‘ಅಭಿಯಂತರ’ವೇ ನೆಲೆಗೊಂಡಿದೆ; ಬಳಸುವವರೇ ಅದನ್ನು ತಮ್ಮ ಹುದ್ದೆಯ ಹೆಸರೆಂದು ಸಹಿಯ ಕೆಳಗೆ ಬರೆಯುತ್ತಾರೆ. ಅದನ್ನು ಈಗ ತಪ್ಪೆಂದು ಬರೆದರೆ ತಪ್ಪು ನಿಘಂಟಿನದಾಗುತ್ತದೆ.

ಈ ವಿಧಾನಕ್ಕೊಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. ತಿದ್ದಿ ಅಚ್ಚಾದ ಬರಹವನ್ನು ನಾವು ಹೆಚ್ಚು ನಂಬುತ್ತೇವೆ, ತಿದ್ದುವವರು ನಮ್ಮ ನಿಘಂಟನ್ನೇ ನೋಡಿ ತಿದ್ದುತ್ತಾರೆ, ಆ ತಿದ್ದಿದ್ದನ್ನು ನಾವು ಮತ್ತೆ ಸಾಕ್ಷ್ಯವೆಂದು ಚೀಟಿಗೆ ಏರಿಸುತ್ತೇವೆ. ಹೀಗೆ ನಿಘಂಟು ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಜನರ ದನಿ ಎಂದುಕೊಳ್ಳುವ ಅಪಾಯವಿದೆ. ಅಚ್ಚಿಗೆ ಬಾರದ ಕನ್ನಡ, ಅಂದರೆ ಅಡುಗೆಮನೆಯ, ಗದ್ದೆಯ, ಗ್ಯಾರೇಜಿನ ಕನ್ನಡ, ಈ ಸುತ್ತಿನ ಹೊರಗೇ ಉಳಿದುಬಿಡುತ್ತದೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕಿಟೆಲ್ ಅವರು ಹಳೆಯ ಕಾವ್ಯಗಳ ಜೊತೆಗೆ ಗಾದೆಗಳನ್ನೂ ಆಡುಮಾತನ್ನೂ ಸೇರಿಸಿದ್ದರಿಂದಲೇ ಅದು ಇಂದಿಗೂ ಜೀವಂತವಾಗಿದೆ. ಕರಡು, ಪುಸ್ತಕಗಳನ್ನು ಬಿಟ್ಟು ನಾನು ಗಾಂಧಿ ಬಜಾರಿನಲ್ಲಿ ಬಿಲ್ಲು ಹಿಡಿದು ನಿಂತದ್ದೂ ಆ ಸುತ್ತಿನಿಂದ ಹೊರಗೆ ಬರಲಿಕ್ಕಾಗಿಯೇ.

ಬೋರ್ಡಿನ ವಿಷಯದಲ್ಲಿ ಒಂದು ಮಾತು ಉಳಿದಿದೆ. ಮುದ್ರಣಕ್ಕೆ ಕೊಡುವ ಮೊದಲು ಕರಡನ್ನು ಕಾಗದದ ಮೇಲೆ ತರಿಸಿಕೊಂಡು ‘ಪಾ’ ಎಂಬಲ್ಲಿ ದೀರ್ಘವಿದೆಯೇ ಎಂದು ನೋಡಿ. ಬೋರ್ಡಿನಲ್ಲಿ ಸರಿಯಾಗಿದ್ದು ಬಿಲ್ಲು, ತಿಂಡಿಪಟ್ಟಿ, ಪಾರ್ಸಲ್ ಚೀಲಗಳಲ್ಲಿ ತಪ್ಪುವುದೇ ಹೆಚ್ಚು, ಏಕೆಂದರೆ ಅವನ್ನು ಬೇರೆ ಬೇರೆ ಕಡೆ ಮಾಡಿಸುತ್ತಾರೆ. ಬೋರ್ಡು ಏರಿದ ಮೇಲೆ ಅದರ ಒಂದು ಫೋಟೋವನ್ನು ತಾರೀಖಿನೊಂದಿಗೆ ನನಗೆ ಕಳುಹಿಸಿಕೊಡಿ. ಮೊದಲು ಬರೆಸಲು ಕೊಟ್ಟಿದ್ದ ರೂಪವನ್ನೂ, ಅದನ್ನು ನೋಡಿ ನಿಮ್ಮ ಮಾವನವರು ಆಡಿದ ಮಾತನ್ನು ಅವರ ಬಾಯಿಯಿಂದ ಬಂದಂತೆಯೇ ಒಂದು ಸಾಲಿನಲ್ಲಿಯೂ ಬರೆದು ಜೊತೆಗಿಡಿ. ಎರಡಕ್ಕೂ ಒಂದೊಂದು ಚೀಟಿ ಮಾಡುತ್ತೇನೆ.